‘ಹೂಂ ಮಾಡಿ’ ಅಂತಷ್ಟೇ ಬಂದರೆ ಪ್ಲೇಟ್ ಹಾಕಬೇಡಿ

ಲಗ್ನಪತ್ರಿಕೆಯ ಮೂರು ಪ್ರೂಫ್ ವಾಟ್ಸಾಪ್‌ಗೆ ಹೋಗಿರುತ್ತವೆ. ಎರಡು ದಿನ ಬಿಟ್ಟು ಮನೆಯವರ ಬೇರೊಂದು ನಂಬರಿನಿಂದ ‘ಹೂಂ ಮಾಡಿ’ ಅಂತ ಬರುತ್ತದೆ, ಹಿಂದೆಮುಂದೆ ಏನೂ ಇಲ್ಲ. ‘ಯಾವುದು ಸಾರ್?’ ಅಂದರೆ ‘ಅದೇ, ಕಳಿಸಿದ್ರಲ್ಲ’ ಅನ್ನುತ್ತಾರೆ. ಹಾಗಾಗಿ ನಾನೀಗ ಪ್ರೂಫಿನ ಚಿತ್ರವನ್ನೇ ಮತ್ತೆ ಹಾಕಿ, ಕೆಳಗೆ ಹೀಗೆ ಕೇಳುತ್ತೇನೆ:

‘ಯಾರ ಮದುವೆಯದು? ಇದು ಪ್ರೂಫ್ 3, 300 ಜಿಎಸ್‌ಎಂ ಮ್ಯಾಟ್, 500 ಪ್ರತಿ. ಹೆಸರು, ತಾರೀಖು, ಮುಹೂರ್ತ ಓದಿ ನೋಡಿದ್ರಾ? ಸರಿಯಿದ್ದರೆ “ಪ್ರೂಫ್ 3 ಓಕೆ” ಅಂತ ಬರೆಯಿರಿ.’

ಬರೀ ‘ಹೂಂ’ ಮತ್ತೆ ಬಂದರೆ ಫೋನ್ ಮಾಡಿ ಹೆಸರುಗಳನ್ನು ಓದಿಸುವುದೇ ವಾಸಿ. ಆಫ್‌ಸೆಟ್‌ನಲ್ಲಿ ಪ್ಲೇಟ್ ಆದಮೇಲೆ ಒಂದು ಒತ್ತು ತಪ್ಪಿದರೂ ಹೊಸ ಪ್ಲೇಟೇ ಬೇಕು. ಮುದ್ರಣ ಮುಗಿದಿದ್ದರೆ ಕಾಗದವೂ ರದ್ದಿಗೆ.