ನಲವತ್ತು ಸಾವಿರ ಹೆಚ್ಚು ಬಂದದ್ದು ಎಲ್ಲಿಂದ?

ಹಾರ್ಡ್‌ವೇರ್ ಅಂಗಡಿಯೊಂದರ ಕ್ಯಾಶ್ ಫ್ಲೋ ಲೆಕ್ಕ ಹಾಕುತ್ತಿದ್ದೆ. ನಿವ್ವಳ ಲಾಭ 6,00,000. ಸವಕಳಿಯ 80,000 ಬರೀ ಪುಸ್ತಕದ ಖರ್ಚು, ಕೈಬಿಟ್ಟು ಹೋದ ದುಡ್ಡಲ್ಲ; ಅದನ್ನು ಮತ್ತೆ ಕೂಡಿಸಿದೆ. ಗಿರಾಕಿಗಳ ಬಾಕಿ 3,50,000 ಹೆಚ್ಚಾಗಿತ್ತು. ಮಾರಾಟವೆಂದು ಬರೆದಾಗಿದೆ, ಹಣ ಬಂದಿಲ್ಲ, ಕಳೆದೆ. ಹಳೆ ವ್ಯಾನ್ ಮಾರಿ ಬಂದ 1,20,000 ಅನ್ನು ಲೆಕ್ಕದ ಹೂಡಿಕೆ ಭಾಗದಲ್ಲಿ ಕೂಡಿಸಿದೆ. ಒಟ್ಟು 4,50,000. ಆದರೆ ವರ್ಷದಲ್ಲಿ ಬ್ಯಾಂಕಿನಲ್ಲಿ ಏರಿದ್ದು 4,10,000 ಮಾತ್ರ!

ಎರಡು ಸಲ ಕೂಡಿಸಿ ನೋಡಿದೆ, ತಲೆ ಕೆಟ್ಟಿತು. ಆಮೇಲೆ ವ್ಯತ್ಯಾಸದ 40,000 ಅನ್ನೇ ಲಾಭ-ನಷ್ಟ ಖಾತೆಯಲ್ಲಿ ಹುಡುಕಿದೆ. ಸಿಕ್ಕಿತು: 'ವ್ಯಾನ್ ಮಾರಾಟದ ಲಾಭ'. ಪುಸ್ತಕದಲ್ಲಿ ಆ ವ್ಯಾನಿನ ಬೆಲೆ 80,000 ಎಂದು ಉಳಿದಿತ್ತು, ಮಾರಿದ್ದು 1,20,000ಕ್ಕೆ. ಆ 40,000 ನಿವ್ವಳ ಲಾಭದಲ್ಲೂ ಇತ್ತು, 1,20,000ದ ಒಳಗೂ ಇತ್ತು. ಲಾಭದಿಂದ ಕಳೆದೆ; ವ್ಯಾಪಾರದಿಂದ ಬಂದ ನಗದು 3,30,000ದಿಂದ 2,90,000ಕ್ಕೆ ಇಳಿದು, ವ್ಯಾನಿನ 1,20,000 ಸೇರಿ 4,10,000 ಆಗಿ, ಬ್ಯಾಂಕ್ ಪಾಸ್‌ಬುಕ್ಕಿಗೆ ತಾಳೆಯಾಯಿತು.