ತಂಗಿಯ ಪಾಲಿನ ಹಕ್ಕು ಬಿಡುಗಡೆ ಪತ್ರ: ಲಕ್ಷದ ಖರ್ಚು ಸಾವಿರಕ್ಕೆ ಇಳಿದದ್ದು

ಲಕ್ಷ ದಾಟುವ ಖರ್ಚಿನ ಬಿಡುಗಡೆ ಪತ್ರ ಕೆಲವೇ ಸಾವಿರದಲ್ಲಿ ಮುಗಿಯುತ್ತದೆ ಎಂದು ಹೋದ ಸಲ ಲೆಕ್ಕ ಹೇಳಿದಾಗ ಜೊತೆಯ ಪತ್ರಬರಹಗಾರರು ನಂಬಲಿಲ್ಲ. ಪತ್ರ ನೋಂದಣಿಯಾಗಿ ಕೈಗೆ ಬಂದಿದೆ, ಹಾಗಾಗಿ ಬರೆಯುತ್ತಿದ್ದೇನೆ.

ಬೆಂಗಳೂರಿನ ನಿವೇಶನ, ಮಾರ್ಗಸೂಚಿ ಬೆಲೆ ಸುಮಾರು 90 ಲಕ್ಷ. ತಂದೆಯ ಸ್ವಯಾರ್ಜಿತ, ಉಯಿಲು ಇಲ್ಲ. ತಾಯಿ, ಮಗ, ಇಬ್ಬರು ಹೆಣ್ಣುಮಕ್ಕಳು, ತಲಾ ಕಾಲು ಭಾಗ. ಕಿರಿಯವಳು ತನ್ನ ಪಾಲು ಅಣ್ಣನಿಗೆ ಬಿಡಬೇಕು. ಪಾಲಿನ ಬೆಲೆ 22.5 ಲಕ್ಷ.

ಮೊದಲ ಕರಡು ಕೆಟ್ಟದ್ದು ಒಂದೇ ಹೆಸರಿನಿಂದ. ಅಣ್ಣನ ಜೊತೆ ಅತ್ತಿಗೆಯ ಹೆಸರನ್ನೂ ಬಿಡಿಸಿಕೊಳ್ಳುವವರಲ್ಲಿ ಸೇರಿಸಿದ್ದರು. ಅತ್ತಿಗೆಗೆ ಈ ಸ್ವತ್ತಿನಲ್ಲಿ ಹಕ್ಕೇ ಹುಟ್ಟಿಲ್ಲ. ಹಕ್ಕಿಲ್ಲದವರಿಗೆ 'ಬಿಡುಗಡೆ' ಮಾಡಿದರೆ ಅದು ಹೆಸರಿಗಷ್ಟೇ ಬಿಡುಗಡೆ, ಒಳಗೆ ವರ್ಗಾವಣೆ. ಇಡೀ ಪಾಲಿಗೆ ಹಾಗೆ ಹಿಡಿದರೆ ಮುದ್ರಾಂಕ ಶುಲ್ಕ, ಸೆಸ್, ಸರ್‌ಚಾರ್ಜ್ ಸೇರಿ ಶೇ. 5.6, ಅಂದರೆ 1.26 ಲಕ್ಷ. ಮೇಲೆ ನೋಂದಣಿ ಶುಲ್ಕ ಶೇ. 2, 45 ಸಾವಿರ. ಒಟ್ಟು 1.71 ಲಕ್ಷ.

ಅತ್ತಿಗೆಯನ್ನು ಕೈಬಿಟ್ಟೆವು. ಒಡಹುಟ್ಟಿದವರ ನಡುವಿನ ಬಿಡುಗಡೆಗೆ ಕರ್ನಾಟಕದಲ್ಲಿ ಶೇಕಡಾ ಲೆಕ್ಕ ಇಲ್ಲ, ನಿಗದಿತ ಮೊತ್ತ. ಕೆಲವೇ ಸಾವಿರದಲ್ಲಿ ಮುಗಿಯಿತು. ಅತ್ತಿಗೆಗೆ ಬೇಕಿದ್ದರೆ ಗಂಡನೇ ಆಮೇಲೆ ದಾನಪತ್ರ ಮಾಡಿಕೊಡಲಿ, ಅದು ಬೇರೆ ಪತ್ರ.

ಎರಡನೇ ಕುತ್ತು, ಯಾರಿಗೆ ಬಿಟ್ಟದ್ದು ಎಂಬ ಸಾಲು. 'ಉಳಿದ ಹಕ್ಕುದಾರರಿಗೆ' ಎಂದು ಬರೆದರೆ ಮೂವರಿಗೂ ತಲಾ ಮೂರನೇ ಒಂದು ಭಾಗ ಬೀಳುತ್ತದೆ. 'ಅಣ್ಣನಿಗೆ ಮಾತ್ರ' ಎಂದರೆ ಅವನಿಗೆ ಅರ್ಧ, ತಾಯಿಗೂ ಅಕ್ಕನಿಗೂ ಕಾಲು ಕಾಲು. ಶುಲ್ಕ ಕಟ್ಟಿದ ಮೇಲೆ ಇದನ್ನು ಕಂಡುಹಿಡಿದವರು ತಿದ್ದುಪಡಿ ಪತ್ರಕ್ಕೆ ಅಲೆಯುತ್ತಾರೆ.

ಪಾಲುಪತ್ರವನ್ನೂ ಯೋಚಿಸಿ ನೋಡಿದೆ. ಎಲ್ಲರಿಗೂ ಭಾಗ ಬಂದರೆ ಸರಿ. ಒಬ್ಬಳಿಗೆ ಸೊನ್ನೆ ಬರೆದ ಪಾಲುಪತ್ರ ಯಾರ ಕಣ್ಣಿಗೂ ಕುಟುಕುತ್ತದೆ. ಬಿಟ್ಟೆ.

ತಂಗಿಗೆ ಹಣ ಕೊಟ್ಟಿದ್ದರೆ ಅಂಕಿ ಮುಚ್ಚಿಡಬೇಡಿ. ಅದು ಅವಳ ಕಡೆ ಬಂಡವಾಳ ಲಾಭದ ತೆರಿಗೆಯ ವಿಷಯ, ಚೆಕ್ ನಂಬರು ಸಮೇತ ಬರೆಯಿರಿ. ಇನ್ನು ತಂದೆ ಬದುಕಿರುವಾಗಲೇ ಅವರ ಸ್ವಯಾರ್ಜಿತದಲ್ಲಿ 'ಮುಂದೆ ಬರುವ ಪಾಲು' ಬಿಡಿಸಿಕೊಂಡ ಪತ್ರಕ್ಕೆ ಬೆಲೆಯಿಲ್ಲ. ಬರೀ ನಿರೀಕ್ಷೆಯನ್ನು ವರ್ಗಾಯಿಸಲು ಬರುವುದಿಲ್ಲ.

ಛಾಪಾ ಕಾಗದದಲ್ಲಿ ಸಹಿ ಮಾಡಿಸಿ ಪೆಟ್ಟಿಗೆಯಲ್ಲಿಟ್ಟವರಿಗೂ ಒಂದು ಮಾತು: ನೋಂದಣಿಯಿಲ್ಲದೆ ಸ್ಥಿರಾಸ್ತಿಯ ಹಕ್ಕು ದಾಟುವುದಿಲ್ಲ. ಶುಲ್ಕ ಕೊರತೆಯ ಪತ್ರ ಕೋರ್ಟಿಗೆ ಹೋದರೆ ಕೊರತೆಯ ಹತ್ತು ಪಟ್ಟು ದಂಡ. ಸಹಿಯಾದ ನಾಲ್ಕು ತಿಂಗಳೊಳಗೆ ಹಾಜರುಪಡಿಸಿ.

ಮರಣ ಪ್ರಮಾಣಪತ್ರ, ವಂಶವೃಕ್ಷ, ಇ-ಖಾತಾ ಮೊದಲೇ ಸಿದ್ಧವಿರಲಿ. ವಂಶವೃಕ್ಷದಲ್ಲಿ ತೀರಿಕೊಂಡ ಮಗುವಿನ ಹೆಸರು ಬಿಟ್ಟಿದ್ದರೆ ಅಲ್ಲೇ ನಿಲ್ಲುತ್ತದೆ. ಪೀಠಿಕೆಯಲ್ಲಿ ಹಕ್ಕು ಬಂದ ಬಗೆಯನ್ನು ನಾನು ಬರೆಯುವ ಎರಡು ಸಾಲು ಮಾತ್ರ ಇಲ್ಲಿ ಹಾಕುವುದಿಲ್ಲ, ಅದು ನನ್ನ ಹೊಟ್ಟೆಪಾಡು.