ಅಡುಗೆ ಕೆಟ್ಟಿತು, ಕ್ಯಾಪ್ಷನ್ ಕಹಿಯಾಗದಿರಲಿ

ಕೆಟ್ಟುಹೋದ ಅಡುಗೆಯ ಫೋಟೊ ಹಾಕಿ, ಅದರ ಕೆಳಗೆ ನಮ್ಮನ್ನು ನಾವೇ ಸ್ವಲ್ಪ ಗೇಲಿ ಮಾಡಿಕೊಂಡು ಎರಡು ಸಾಲು ಬರೆಯುವುದು ಸುಲಭ ಅನ್ನಿಸುತ್ತದೆ. ಬರೆಯುವಾಗ ನಗುತ್ತಲೇ ಬರೆದಿರುತ್ತೇವೆ. ಓದಿದವರಿಗೆ ಮಾತ್ರ ಅದು ಅಳುವಿನ ಹಾಗೆ ಕೇಳಿಸುತ್ತದೆ. ಎಲ್ಲಿ ತಪ್ಪುತ್ತದೆ, ಹೇಗೆ ತಿದ್ದಬಹುದು ಅನ್ನೋದನ್ನ ಒಂದೇ ಒಂದು ಕೇಕ್ ಇಟ್ಟುಕೊಂಡು ನೋಡೋಣ.

ಕೇಕ್ ನನ್ನ ಗೆಳತಿಯದು. ಮೊದಲ ಸಲ ಮಾಡಿದ್ದಳು. 180 ಡಿಗ್ರಿಯಲ್ಲಿ 35 ನಿಮಿಷ ಬೇಯಬೇಕಿತ್ತು. ಹೊರಗೆ ತೆಗೆದಾಗ ಅಂಚು ಚೆನ್ನಾಗಿ ಎದ್ದು ಹೊಂಬಣ್ಣಕ್ಕೆ ಬಂದಿತ್ತು, ಮಧ್ಯದಲ್ಲಿ ಮಾತ್ರ ದೊಡ್ಡ ಗುಂಡಿ. ಫೋಟೊ ತೆಗೆದು ಅವಳು ಹೀಗೆ ಬರೆದಳು:

“ನನ್ನ ಕೈಗೆ ಯಾವುದೂ ಹತ್ತಲ್ಲ. ಈಗ ಕೇಕೂ ಹಾಳು. ಹಿಟ್ಟು, ಮೊಟ್ಟೆ, ಎರಡು ಗಂಟೆ ಎಲ್ಲಾ ದಂಡ. ನನ್ನಂಥವಳು ಅಡುಗೆಮನೆಗೆ ಕಾಲಿಡಬಾರದು.”

ಕೊನೆಗೆ ನಗುವ ಮುಖಗಳನ್ನೂ ಹಾಕಿದ್ದಳು. ಆದರೂ ಬಂದ ಉತ್ತರಗಳು ಬೇರೆಯೇ. “ಹಾಗೆಲ್ಲ ಅನ್ಕೋಬೇಡ ಕಣೇ”, “ಮುಂದಿನ ಸಲ ಚೆನ್ನಾಗಿ ಬರುತ್ತೆ ಬಿಡು”, “ಏನಾಯ್ತು, ಹುಷಾರಾಗಿದೀಯಾ?” ಒಬ್ಬರೂ ನಕ್ಕಿರಲಿಲ್ಲ. ಎಲ್ಲರೂ ಸಮಾಧಾನ ಹೇಳಿದ್ದರು. ಕ್ಯಾಪ್ಷನ್ ಕಹಿಯಾಗಿದೆ ಅಂತ ಗೊತ್ತಾಗುವುದೇ ಇಲ್ಲಿ. ಓದಿದವರು ನಮ್ಮನ್ನು ಸಂತೈಸೋಕೆ ಓಡಿ ಬಂದರೆ ಅದು ತಮಾಷೆಯಾಗಿ ತಲುಪಿಲ್ಲ. “ಅಯ್ಯೋ, ನಂದೂ ಒಂದ್ಸಲ ಹೀಗೇ ಆಗಿತ್ತು” ಅಂತ ತಮ್ಮ ಕತೆ ಹೇಳೋಕೆ ಶುರು ಮಾಡಿದರೆ ತಲುಪಿದೆ.

ಈ ವ್ಯತ್ಯಾಸವನ್ನು ಅಧ್ಯಯನ ಮಾಡಿದವರೂ ಇದ್ದಾರೆ. ಕೆನಡಾದ ಮನಶ್ಶಾಸ್ತ್ರಜ್ಞ ರಾಡ್ ಮಾರ್ಟಿನ್ ಮತ್ತು ಜೊತೆಗಾರರು 2003ರಲ್ಲಿ ಜನರ ಹಾಸ್ಯವನ್ನು ನಾಲ್ಕು ಬಗೆಯಾಗಿ ವಿಂಗಡಿಸಿದರು. ಅದರಲ್ಲಿ ಒಂದು, ಬೇರೆಯವರು ನಗಲಿ ಅಂತ ತನ್ನನ್ನು ತಾನೇ ಕೀಳು ಮಾಡಿಕೊಳ್ಳುವ ಹಾಸ್ಯ. ಇನ್ನೊಂದು, ನಾಲ್ಕು ಜನರನ್ನು ಹತ್ತಿರ ತರುವ ಹಾಸ್ಯ. ತನ್ನ ತಪ್ಪನ್ನು ಹಗುರವಾಗಿ ಹೇಳಿಕೊಂಡು ನಗುವುದು, ತನ್ನ ಬಗ್ಗೆ ಗೌರವ ಉಳಿಸಿಕೊಂಡೇ ನಗುವುದಾದರೆ, ಅವರ ಪ್ರಕಾರ ಎರಡನೆಯ ಬಗೆಗೆ ಸೇರುತ್ತದೆ. ಅಂದರೆ ನಮ್ಮನ್ನೇ ನಾವು ತಮಾಷೆ ಮಾಡಿಕೊಳ್ಳುವುದರಲ್ಲಿ ತಪ್ಪೇನಿಲ್ಲ. ಆ ತಮಾಷೆ ಯಾವುದರ ಮೇಲೆ ಹೋಗಿ ಬೀಳುತ್ತದೆ ಅನ್ನೋದಷ್ಟೇ ಪ್ರಶ್ನೆ.

ಮೊದಲು, ನಿಜವಾಗಿ ಏನಾಯಿತು ಅಂತ ಪತ್ತೆ ಮಾಡಿ

ಇದು ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ, ಜನ ಬಿಟ್ಟುಬಿಡುವುದೂ ಇದನ್ನೇ. ಅಡುಗೆ ಕೆಟ್ಟ ಕಾರಣ ಗೊತ್ತಿಲ್ಲದಿದ್ದಾಗ ಮನಸ್ಸು ಇಡೀ ತಪ್ಪನ್ನು ನಮ್ಮ ಮೇಲೆ ಹೊರಿಸುತ್ತದೆ. “ನನ್ನ ಕೈಗೆ ಹತ್ತಲ್ಲ” ಅನ್ನುವ ಮಾತು ಬರುವುದು ಹಾಗೆಯೇ. ಕಾರಣ ಗೊತ್ತಾದ ಕೂಡಲೇ ತಪ್ಪು ಒಂದು ಪುಟ್ಟ ಕೆಲಸದಷ್ಟಕ್ಕೆ ಇಳಿಯುತ್ತದೆ. ಅಷ್ಟು ಚಿಕ್ಕದಾದರೆ ಅದರ ಬಗ್ಗೆ ನಗಬಹುದು.

ಗೆಳತಿಯನ್ನು ಕೇಳಿದೆ, ಓವನ್ ಬಾಗಿಲು ತೆಗೆದಿದ್ದೆಯಾ ಅಂತ. ತೆಗೆದಿದ್ದಳು. ಹನ್ನೆರಡನೇ ನಿಮಿಷದಲ್ಲಿ ಒಂದು ಸಲ, ಹದಿನೆಂಟರಲ್ಲಿ ಒಂದು ಸಲ, ಇಪ್ಪತ್ತೆರಡರಲ್ಲಿ ಮತ್ತೊಂದು ಸಲ. “ಏಳ್ತಾ ಇದೆಯಾ ನೋಡೋಣ ಅಂತ” ಅಂದಳು. ಕೇಕ್ ಏಳುವುದು ಹಿಟ್ಟಿನೊಳಗಿನ ಗಾಳಿಗುಳ್ಳೆಗಳು ಬಿಸಿಗೆ ಉಬ್ಬುವುದರಿಂದ. ಉಬ್ಬಿದ ಮೇಲೆ ಮೊಟ್ಟೆ ಮತ್ತು ಹಿಟ್ಟು ಗಟ್ಟಿಯಾಗಿ ಆ ಆಕಾರವನ್ನು ಹಿಡಿದುಕೊಳ್ಳಬೇಕು. ಅದಕ್ಕೆ ಮೊದಲೇ ಬಾಗಿಲು ತೆಗೆದರೆ ಬಿಸಿ ಇಳಿಯುತ್ತದೆ, ಗುಳ್ಳೆಗಳು ಕುಗ್ಗುತ್ತವೆ, ಕೇಕ್ ಕೂತುಬಿಡುತ್ತದೆ. ಮಧ್ಯಭಾಗ ಕೊನೆಗೆ ಬೇಯುವುದರಿಂದ ಗುಂಡಿ ಬೀಳುವುದೂ ಅಲ್ಲೇ. ಬೇಕಿಂಗ್ ಪೌಡರ್ ಜಾಸ್ತಿಯಾದರೂ ಹೀಗಾಗಬಹುದು, ಸರಿಯಾಗಿ ಬೇಯುವ ಮೊದಲೇ ಹೊರಗೆ ತೆಗೆದರೂ ಆಗಬಹುದು. ಇವಳ ವಿಷಯದಲ್ಲಿ ಅಳತೆ ಸರಿ ಇತ್ತು, 35 ನಿಮಿಷವೂ ಪೂರ್ತಿಯಾಗಿತ್ತು. ಇಣುಕಿದ್ದೇ ಕಾರಣ ಅನ್ನಿಸಿತು.

ಈಗ ನೋಡಿ, “ನನ್ನ ಕೈಗೆ ಯಾವುದೂ ಹತ್ತಲ್ಲ” ಅನ್ನುವವಳ ಬದಲು ಕಣ್ಣ ಮುಂದೆ ಬೇರೆ ಒಬ್ಬಳು ಬಂದು ನಿಂತಳು. ಮೊದಲ ಕೇಕ್ ಮೇಲಿನ ಆಸೆಗೆ ಸುಮ್ನೆ ಕೂರಲಾರದೆ ಹತ್ತು ನಿಮಿಷದಲ್ಲಿ ಮೂರು ಸಲ ಇಣುಕಿದವಳು. ಅವಳನ್ನು ನೋಡಿ ಯಾರಿಗೂ ಅಯ್ಯೋ ಪಾಪ ಅನ್ನಿಸುವುದಿಲ್ಲ, ಪ್ರೀತಿಯೇ ಹುಟ್ಟುತ್ತದೆ ಅಲ್ವಾ. ಯಾಕಂದ್ರೆ ಒಲೆಯ ಮೇಲಿಟ್ಟದ್ದನ್ನು ಮುಚ್ಚಳ ತೆಗೆದು ನೋಡದೆ ಇದ್ದವರು ಯಾರಿದ್ದಾರೆ?

ಆಮೇಲೆ, ಕ್ರಿಯಾಪದದ ಬಾಲ ನೋಡಿ

ನಮ್ಮ ಭಾಷೆಯಲ್ಲಿ ಕಹಿ ಅಡಗಿಕೊಳ್ಳುವ ಜಾಗಗಳು ತುಂಬ ಚಿಕ್ಕವು. “ಹತ್ತಲ್ಲ” ಮತ್ತು “ಹತ್ತಲಿಲ್ಲ” ಎರಡನ್ನೂ ಜೋರಾಗಿ ಓದಿ. “ಹತ್ತಲಿಲ್ಲ” ಅಂದರೆ ಇವತ್ತಿನ ಮಾತು, ಆಗಿಹೋಯಿತು. “ಹತ್ತಲ್ಲ” ಅಂದರೆ ನಿನ್ನೆಯೂ ಇಲ್ಲ, ನಾಳೆಯೂ ಇಲ್ಲ. ಒಂದು ಕೇಕ್ ಬಗ್ಗೆ ಬರೆಯೋಕೆ ಹೋಗಿ ಇಡೀ ಬದುಕಿಗೆ ತೀರ್ಪು ಕೊಟ್ಟ ಹಾಗಾಯಿತು. “ಬರಲ್ಲ, ಆಗಲ್ಲ, ಹತ್ತಲ್ಲ” ಅನ್ನುವುದು ಎಲ್ಲಿದ್ದರೂ ಅದನ್ನು ನಡೆದುಹೋದ ಮಾತಾಗಿ ಬದಲಿಸಿ. ಇದೊಂದು ತಿದ್ದುಪಡಿಯಿಂದಲೇ ಅರ್ಧ ಭಾರ ಇಳಿಯುತ್ತದೆ.

ಇನ್ನೊಂದು ಜಾಗ “ಕೇಕೂ” ಅನ್ನುವಲ್ಲಿರುವ ದೀರ್ಘ. “ಕೇಕ್ ಹಾಳಾಯಿತು” ಅಂದರೆ ಒಂದು ಕೇಕ್. “ಕೇಕೂ ಹಾಳಾಯಿತು” ಅಂದ ಕೂಡಲೇ ಅದರ ಹಿಂದೆ ಹಾಳಾದದ್ದೆಲ್ಲ ಸಾಲಾಗಿ ಬಂದು ನಿಲ್ಲುತ್ತದೆ, ಓದುವವರಿಗೆ ಅದರ ಲೆಕ್ಕ ಗೊತ್ತಿಲ್ಲದಿದ್ದರೂ ಭಾರ ಗೊತ್ತಾಗುತ್ತದೆ. ಆ ದೀರ್ಘವನ್ನು ಕಿತ್ತುಹಾಕಿ. “ನನ್ನಂಥವಳು” ಅನ್ನುವುದನ್ನೂ ಬಿಡಿ, ಅದು ನಮ್ಮನ್ನೇ ಒಂದು ಕೀಳು ಗುಂಪಿನ ಹಾಗೆ ದೂರ ನಿಲ್ಲಿಸುವ ಮಾತು.

ಇದಕ್ಕೆ ಬದಲು ನಮ್ಮ ಭಾಷೆಯೇ ಕೊಡುವ ಒಂದು ಒಳ್ಳೆಯ ಉಪಾಯ ಇದೆ. ಅಡುಗೆಯನ್ನೇ ಕರ್ತೃ ಮಾಡಿ, ಕ್ರಿಯಾಪದಕ್ಕೆ “ಬಿಟ್ಟಿತು” ಸೇರಿಸಿ. “ನಾನು ಕೇಕ್ ಹಾಳು ಮಾಡಿದೆ” ಅನ್ನುವುದಕ್ಕೂ “ಕೇಕ್ ಕೂತುಬಿಟ್ಟಿತು” ಅನ್ನುವುದಕ್ಕೂ ಎಷ್ಟು ದೂರ ನೋಡಿ. ಎರಡನೆಯದರಲ್ಲಿ ಕೇಕಿಗೇ ಒಂದು ಹಟ, ಒಂದು ಮನಸ್ಸು ಬಂದ ಹಾಗಿದೆ. ಆದರೆ ಇದನ್ನು ಇಡೀ ಕ್ಯಾಪ್ಷನ್‌ಗೆ ಬಳಸಬೇಡಿ. ಎಲ್ಲವನ್ನೂ ಕೇಕ್ ಮೇಲೆ ಹಾಕಿದರೆ ನಿಮ್ಮ ಪಾಲೇ ಇರುವುದಿಲ್ಲ, ನಿಮ್ಮನ್ನು ನೀವು ತಮಾಷೆ ಮಾಡಿಕೊಂಡ ಹಾಗೂ ಆಗುವುದಿಲ್ಲ. ನಿಮ್ಮ ತಪ್ಪನ್ನು “ಮಾಡಿದೆ, ಇಣುಕಿದೆ” ಅಂತ ನೇರವಾಗಿ ಒಪ್ಪಿಕೊಳ್ಳಿ, ಅದರ ಪರಿಣಾಮವನ್ನು ಕೇಕಿಗೆ ಬಿಟ್ಟುಕೊಡಿ.

ಚೆನ್ನಾಗಿ ಬಂದದ್ದು ಒಂದಾದರೂ ಇರಲಿ

1966ರಲ್ಲಿ ಅಮೆರಿಕದ ಎಲಿಯಟ್ ಆರನ್ಸನ್ ಮತ್ತು ಜೊತೆಗಾರರು ಒಂದು ಪ್ರಯೋಗ ಮಾಡಿದರು. ರಸಪ್ರಶ್ನೆಗೆ ಉತ್ತರಿಸುವವರ ಧ್ವನಿಮುದ್ರಣ ಕೇಳಿಸಿದರು. ಹೆಚ್ಚು ಕಡಿಮೆ ಎಲ್ಲಕ್ಕೂ ಸರಿ ಉತ್ತರ ಕೊಟ್ಟವನು ಕೊನೆಗೆ ಮೈಮೇಲೆ ಕಾಫಿ ಚೆಲ್ಲಿಕೊಂಡದ್ದು ಕೇಳಿಸಿದಾಗ ಜನ ಅವನನ್ನು ಜಾಸ್ತಿ ಇಷ್ಟಪಟ್ಟರು. ಸಾಧಾರಣವಾಗಿ ಉತ್ತರಿಸಿದವನು ಅದೇ ರೀತಿ ಚೆಲ್ಲಿಕೊಂಡಾಗ ಇಷ್ಟ ಕಡಿಮೆಯಾಯಿತು. ಕಾಫಿ ಒಂದೇ, ಅದರ ಸುತ್ತ ಏನಿತ್ತು ಅನ್ನುವುದು ಬೇರೆ.

ಕ್ಯಾಪ್ಷನ್‌ಗೆ ಇದರಿಂದ ನಾನು ತೆಗೆದುಕೊಂಡದ್ದು ಇಷ್ಟು. ಬರೀ ಎಡವಟ್ಟನ್ನೇ ಹೇಳಬೇಡಿ, ಸರಿಯಾಗಿ ಆದ ಒಂದು ಚಿಕ್ಕ ವಿಷಯವನ್ನೂ ಜೊತೆಗಿಡಿ. ಅದು ನಿಜವಾಗಿರಬೇಕು. ಗೆಳತಿಯ ಕೇಕಿನಲ್ಲಿ ಅಂಚು ನಿಜಕ್ಕೂ ರುಚಿಯಾಗಿತ್ತು, ಮನೆಯವರು ಸುತ್ತಲೂ ಮುರಿದು ತಿನ್ನುತ್ತಿದ್ದರು. ಏನೂ ಚೆನ್ನಾಗಿಲ್ಲದಿದ್ದರೆ ವಾಸನೆಯೋ, ಬಣ್ಣವೋ, ತಿಂದವರ ಮುಖವೋ ಏನಾದರೂ ಇರುತ್ತದೆ.

ಈಗ ಬರೆಯಿರಿ

ಇಷ್ಟನ್ನೂ ಇಟ್ಟುಕೊಂಡು ನಾವಿಬ್ಬರು ಕೂತು ಬರೆದದ್ದು ಇದು:

“35 ನಿಮಿಷ ಬಾಗಿಲು ತೆಗೆಯಬೇಡಿ ಅಂತ ಬರೆದಿತ್ತು. ಮೂರು ಸಲ ಇಣುಕಿದೆ. ಪಾಪ, ಕೇಕ್ ನಾಚಿಕೊಂಡು ಕೂತುಬಿಟ್ಟಿತು. ಅಂಚು ಮಾತ್ರ ಚೆನ್ನಾಗಿದೆ, ಗುಂಡಿಯ ಸುತ್ತ ನಾಲ್ಕು ಕೈ ಓಡಾಡ್ತಿವೆ.”

ಮೊದಲ ಸಾಲಿನಲ್ಲಿ ನಿಯಮ ಇದೆ, ಎರಡನೆಯದರಲ್ಲಿ ತಪ್ಪು ಇದೆ, ಅದೂ ಲೆಕ್ಕದ ಸಮೇತ. “ತುಂಬ ಸಲ ಇಣುಕಿದೆ” ಅಂದಿದ್ದರೆ ಇಷ್ಟು ನಗು ಬರುತ್ತಿರಲಿಲ್ಲ. ಮೂರನೆಯ ಸಾಲಿನಲ್ಲಿ “ಪಾಪ” ಅನ್ನುವ ಮಾತು ಕೇಕಿಗೆ ಸೇರಿತು, ಹಾಗಾಗಿ ಓದುವವರು ಅದನ್ನು ಬರೆದವಳಿಗೆ ಹೇಳುವ ಅಗತ್ಯ ಉಳಿಯಲಿಲ್ಲ. ಗುಂಡಿ ಹೇಗಿದೆ ಅಂತ ವಿವರಿಸಿಲ್ಲ, ಅದು ಫೋಟೊದಲ್ಲೇ ಕಾಣುತ್ತದೆ. ಇನ್‌ಸ್ಟಾಗ್ರಾಂನಲ್ಲಿ ಉದ್ದದ ಕ್ಯಾಪ್ಷನ್ ಹಾಕಿದರೆ ಮೊದಲ ಒಂದೆರಡು ಸಾಲು ಮಾತ್ರ ಕಾಣುತ್ತದೆ, ಉಳಿದದ್ದು more ಹಿಂದೆ ಅಡಗುತ್ತದೆ. ಆದ್ದರಿಂದ ಬೈದುಕೊಂಡು ಶುರು ಮಾಡಿ ಕೊನೆಗೆ ನಗಿಸುತ್ತೇನೆ ಅನ್ನುವ ಲೆಕ್ಕಾಚಾರ ಬೇಡ, ಎಷ್ಟೋ ಜನ ಬೈದುಕೊಂಡದ್ದನ್ನಷ್ಟೇ ಓದಿ ಮುಂದೆ ಹೋಗುತ್ತಾರೆ.

ಹಾಕುವ ಮೊದಲು ಒಂದು ಪರೀಕ್ಷೆ ಮಾಡಿ. ಇದೇ ಕೇಕ್ ನಿಮ್ಮ ಗೆಳತಿ ಮಾಡಿದ್ದಾಳೆ ಅಂದುಕೊಂಡು, ಇದೇ ಮಾತನ್ನು ಅವಳ ಮುಖ ನೋಡಿ ಹೇಳಿ. “ಮೂರು ಸಲ ಇಣುಕಿದೀಯ, ಕೇಕ್ ನಾಚಿಕೊಂಡಿದೆ” ಅಂತ ಹೇಳಬಹುದು. “ನಿನ್ನಂಥವಳು ಅಡುಗೆಮನೆಗೆ ಕಾಲಿಡಬಾರದು” ಅಂತ ಹೇಳೋಕಾಗುತ್ತದಾ? ಅವಳಿಗೆ ಹೇಳಲಾಗದ್ದನ್ನು ನಿಮಗೂ ಹೇಳಿಕೊಳ್ಳಬೇಡಿ.

ಬರೆಯುವಾಗ ಗಂಟಲು ಬಿಗಿಯುತ್ತಿದ್ದರೆ ಅವತ್ತು ಹಾಕಲೇಬೇಡಿ. ಯಾರದೋ ಹುಟ್ಟುಹಬ್ಬಕ್ಕೆ ಅಂತ ಮಾಡಿದ ಕೇಕ್ ಕೆಟ್ಟಾಗ ಆಗುವ ನೋವು ನಿಜವಾದ ನೋವು. ಅದಕ್ಕೆ ತಮಾಷೆಯ ಅಂಗಿ ತೊಡಿಸಿದರೆ ಹರಿದು ಹೊರಗೆ ಇಣುಕುತ್ತದೆ. ಫೋಟೊ ಎಲ್ಲೂ ಹೋಗುವುದಿಲ್ಲ, ನಾಳೆ ಬರೆಯಬಹುದು. ಹಾಗೇ, ತಿನ್ನದೆ ಮುಖ ತಿರುಗಿಸಿದವರ ಮೇಲಿನ ಸಿಟ್ಟನ್ನು ಕ್ಯಾಪ್ಷನ್ ಒಳಗೆ ಸೇರಿಸಬೇಡಿ. ಅದನ್ನು ಅವರ ಹತ್ತಿರವೇ ಮಾತಾಡಿ.

ಕ್ಯಾಪ್ಷನ್ ಹಾಕಿದ ಮೇಲೆ ಉತ್ತರಗಳಲ್ಲೂ ಸ್ವಲ್ಪ ಎಚ್ಚರ ಬೇಕು. ಯಾರೋ ಬಂದು “ಅಂಚು ಸೂಪರ್ ಆಗಿ ಕಾಣ್ತಿದೆ” ಅಂದಾಗ ಸಂಕೋಚಕ್ಕೆ “ಅಯ್ಯೋ ಇಲ್ಲಪ್ಪ, ನನಗೆಲ್ಲಿ ಬರುತ್ತೆ” ಅಂತ ಬರೆದುಬಿಡುತ್ತೇವೆ. ಕಷ್ಟಪಟ್ಟು ತೆಗೆದ ಕಹಿ ಅಲ್ಲಿಂದ ವಾಪಸು ಬರುತ್ತದೆ. ಗೆಳತಿಗೆ ಈ ಸಲ ಅದೇ ಮಾತು ಬಂದಾಗ ಅವಳು “ಹೌದು, ಅಂಚಿಗೆ ಗಲಾಟೆ ನಡೀತಿದೆ, ಬೇಗ ಬಾ” ಅಂತ ಬರೆದಳು. ಅದರ ಕೆಳಗೆ ಒಬ್ಬರು ತಮ್ಮ ಕೇಕಿನ ಗುಂಡಿಯ ಹಳೇ ಫೋಟೊ ಹುಡುಕಿ ಹಾಕಿದರು. ಆ ಗುಂಡಿಯಲ್ಲಿ ಹೆಚ್ಚಿದ ಹಣ್ಣು ತುಂಬಿಸಿ, ಮೇಲೆ ಕೆನೆ ಹಚ್ಚಿದ್ದರು.